ವಿಮಾನದಲ್ಲಿ ಬಂದಿಳಿದರೂ ಬ್ಯಾಗ್ ಬರಲಿಲ್ಲವೇ? ಸಾಮಾನಿನ ಪಟ್ಟಿ, ಬಿಲ್ಲು, ತುರ್ತು ಖರ್ಚು ಸೇರಿಸಿ ಕ್ಲೇಮ್ ಬರೆಯುವ ಸಮಗ್ರ ಮಾರ್ಗದರ್ಶಿ

ಕಳೆದ ನವೆಂಬರ್ 14ರಂದು ಬೆಳಗಿನ ಜಾವ ತಂಗಿ ಮುಂಬೈ ವಿಮಾನ ನಿಲ್ದಾಣದಿಂದ ಫೋನ್ ಮಾಡಿದಳು. "ಅಕ್ಕಾ, ಬೆಲ್ಟ್ ನಿಂತು ಹೋಯ್ತು. ನಮ್ಮ ಎರಡೂ ಬ್ಯಾಗ್ ಬಂದಿಲ್ಲ. ಹುಬ್ಬಳ್ಳಿ ವಿಮಾನಕ್ಕೆ ಇನ್ನು ಮೂರೇ ತಾಸು ಐತಿ, ಏನ್ ಮಾಡ್ಲಿ?"

ಅವಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಎಂಟು ವರ್ಷದ ಮಗನನ್ನು ಕರೆದುಕೊಂಡು ಚಿಕ್ಕಪ್ಪನ ಮಗನ ಮದುವೆಗೆ ಬರುತ್ತಿದ್ದಳು. ಮದುವೆ 17ಕ್ಕೆ, ಧಾರವಾಡದಲ್ಲಿ. ನಡುವೆ ಇನ್ನೊಂದು ಊರಿನಲ್ಲಿ ವಿಮಾನ ಬದಲಿಸಿದ್ದಳು. ಅವಳು ಓಡಿ ಹತ್ತಿದಳು, ಬ್ಯಾಗ್ ಹತ್ತಲಿಲ್ಲ. ಕೊನೆಗೆ ಒಂದು ಬ್ಯಾಗ್ ಆರು ದಿನಕ್ಕೆ ಬಂತು. ಇನ್ನೊಂದು ಬರಲೇ ಇಲ್ಲ. ಹೀಗಾಗಿ ತಡವಾದ ಬ್ಯಾಗಿನ ಕ್ಲೇಮು, ಕಳೆದ ಬ್ಯಾಗಿನ ಕ್ಲೇಮು ಎರಡನ್ನೂ ಒಟ್ಟಿಗೆ ಬರೆಯಬೇಕಾಯಿತು.

ನಾನು ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳು. ಬಿಲ್ಲು, ವೋಚರು ನನಗೆ ದಿನದ ಊಟವಿದ್ದ ಹಾಗೆ. ಆದರೂ ಈ ಕ್ಲೇಮಿನಲ್ಲಿ ನನಗೆ ಹೊಸದಾಗಿ ತಿಳಿದದ್ದು ಬಹಳ. ಮುಖ್ಯವಾಗಿ ಒಂದು ಮಾತು: ಹಣ ಕೈಗೆ ಬರುವುದು ಬ್ಯಾಗ್ ಕಳೆದಿದೆ ಎಂಬ ಕಾರಣಕ್ಕಲ್ಲ, ಅದರೊಳಗೆ ಏನಿತ್ತು ಎಂದು ತೋರಿಸಿದ್ದಕ್ಕೆ. ಆ ತೋರಿಸುವ ಕೆಲಸದ ಅರ್ಧ ಮೊದಲ ಮೂರು ದಿನದಲ್ಲೇ ಮುಗಿದಿರಬೇಕು.

ಮೊದಲು, ಎಷ್ಟು ಕೇಳಬಹುದು ಅಂತ ತಿಳಿದುಕೊಳ್ಳಿ

ವಿದೇಶ ಪ್ರಯಾಣದ ಬ್ಯಾಗಿಗೆ ಅನ್ವಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತ ಇದಕ್ಕೆ 2009ರಲ್ಲಿ ಸೇರಿತು. ಬ್ಯಾಗ್ ಕಳೆದರೂ, ಹಾಳಾದರೂ, ತಡವಾದರೂ ಒಬ್ಬ ಪ್ರಯಾಣಿಕನಿಗೆ ಕೊಡಬೇಕಾದ ಗರಿಷ್ಠ ಮೊತ್ತವನ್ನು ಇದು ಎಸ್‌ಡಿಆರ್ ಎಂಬ ಲೆಕ್ಕದಲ್ಲಿ ಹೇಳುತ್ತದೆ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. ಅದರ ಬೆಲೆ ದಿನವೂ ಏರಿಳಿಯುತ್ತದೆ, ನಿಧಿಯ ವೆಬ್‌ಸೈಟಿನಲ್ಲಿ ಆಯಾ ದಿನದ ದರ ಸಿಗುತ್ತದೆ. ಒಪ್ಪಂದದ ಮಿತಿ 2024ರ ಡಿಸೆಂಬರ್ 28ರಿಂದ 1519 ಎಸ್‌ಡಿಆರ್. ರೂಪಾಯಿಯಲ್ಲಿ ಒಂದೂವರೆ ಲಕ್ಷ ದಾಟುತ್ತದೆ.

ಈ ಮೊತ್ತವನ್ನು ನೋಡಿ ಬಹಳ ಜನ ತಪ್ಪು ತಿಳಿಯುತ್ತಾರೆ. ಇದು ಬ್ಯಾಗ್ ಕಳೆದವರಿಗೆಲ್ಲ ಸಿಗುವ ನಿಗದಿತ ದುಡ್ಡಲ್ಲ, ಮೇಲಿನ ಗಡಿ ಅಷ್ಟೇ. ಅದರೊಳಗೆ ಎಷ್ಟು ನಷ್ಟ ಆಗಿದೆ ಅಂತ ನೀವು ತೋರಿಸಬೇಕು.

ದೇಶದೊಳಗಿನ ಪ್ರಯಾಣಕ್ಕೆ ಮಿತಿ ಬಹಳ ಕಡಿಮೆ, ಒಬ್ಬ ಪ್ರಯಾಣಿಕನಿಗೆ 20,000 ರೂಪಾಯಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರುವಾಗ ಬ್ಯಾಗ್ ಕಳೆದರೆ ಇದೇ ಲೆಕ್ಕ. ಆದರೆ ಮ್ಯೂನಿಕ್‌ನಿಂದ ಹುಬ್ಬಳ್ಳಿಯವರೆಗೆ ಒಂದೇ ಟಿಕೆಟ್ ಮಾಡಿಸಿದ್ದರೆ, ಕೊನೆಯ ಮುಂಬೈ–ಹುಬ್ಬಳ್ಳಿ ತುಂಡು ಕೂಡ ವಿದೇಶ ಪ್ರಯಾಣದ ಭಾಗವೇ ಆಗುತ್ತದೆ. ಆಗ ದೊಡ್ಡ ಮಿತಿ ಅನ್ವಯ. ಅದಕ್ಕೇ ಟಿಕೆಟ್ಟನ್ನು ಒಂದೇ ಬುಕಿಂಗಿನಲ್ಲಿ ಮಾಡಿಸುವುದು ಒಳ್ಳೆಯದು. ತಂಗಿ ಮುಂಬೈ–ಹುಬ್ಬಳ್ಳಿಗೆ ಬೇರೆ ಟಿಕೆಟ್ ತೆಗೆದುಕೊಂಡಿದ್ದಳು. ಬ್ಯಾಗ್ ಅದಕ್ಕೂ ಮೊದಲೇ ತಪ್ಪಿಹೋಗಿದ್ದರಿಂದ ನಮಗೆ ತೊಂದರೆ ಆಗಲಿಲ್ಲ.

ನಿಲ್ದಾಣ ಬಿಡುವ ಮೊದಲು: ಪಿಐಆರ್

ತಂಗಿಗೆ ಫೋನಿನಲ್ಲಿ ನಾನು ಹೇಳಿದ್ದು ಒಂದೇ. "ಹೊರಗೆ ಮಾತ್ರ ಬರಬೇಡ. ಬ್ಯಾಗೇಜ್ ಕೌಂಟರ್‌ಗೆ ಹೋಗಿ ಪಿಐಆರ್ ಬರೆಸು."

ಪಿಐಆರ್ ಎಂದರೆ ಬ್ಯಾಗ್ ಬಂದಿಲ್ಲ ಅಥವಾ ಹಾಳಾಗಿದೆ ಎಂದು ವಿಮಾನ ಕಂಪನಿ ದಾಖಲಿಸುವ ವರದಿ. ಬ್ಯಾಗು ಬರುವ ಬೆಲ್ಟ್‌ಗಳ ಹತ್ತಿರವೇ ಇದರ ಕೌಂಟರ್ ಇರುತ್ತದೆ. ವಿದೇಶದಿಂದ ಬರುವವರು ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಸಾಮಾನ್ಯವಾಗಿ ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ದಾಟಬೇಕು. ಹಾಗಾಗಿ ಬ್ಯಾಗ್ ಇಲ್ಲ ಅಂತ ಗೊತ್ತಾಗುವುದು ಅಲ್ಲೇ, ದೂರು ಕೊಡಬೇಕಾದದ್ದೂ ಅಲ್ಲೇ. "ಹುಬ್ಬಳ್ಳಿಗೆ ಹೋಗಿ ಗೋಕುಲ ರೋಡಿನ ನಿಲ್ದಾಣದಲ್ಲಿ ಹೇಳಿದರಾಯ್ತು" ಅಂದುಕೊಂಡು ಬಂದುಬಿಟ್ಟರೆ, ಆ ಕಂಪನಿಯ ಸಿಬ್ಬಂದಿ ಇಲ್ಲಿ ಇರುವುದೇ ಇಲ್ಲ.

ವರದಿ ಬರೆದ ಮೇಲೆ ಹತ್ತು ಅಕ್ಷರದ ಒಂದು ನಂಬರ್ ಕೊಡುತ್ತಾರೆ. ಅದು BOMXX12345 ಈ ರೀತಿ ಇರುತ್ತದೆ. ಮೊದಲ ಮೂರಕ್ಷರ ನಿಲ್ದಾಣ, ನಂತರದ ಎರಡು ವಿಮಾನ ಕಂಪನಿಯ ಸಂಕೇತ, ಉಳಿದ ಐದು ಅಂಕಿ ನಿಮ್ಮ ಕಡತದ ಸಂಖ್ಯೆ. ಬ್ಯಾಗಿನ ಹುಡುಕಾಟ ಆನ್‌ಲೈನಿನಲ್ಲಿ ನೋಡುವುದಕ್ಕೂ, ಕ್ಲೇಮಿಗೂ, ಇನ್ಶೂರೆನ್ಸಿಗೂ ಈ ನಂಬರೇ ಬೇರು. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಹತ್ತಂಕಿಯ ಬ್ಯಾಗ್ ಟ್ಯಾಗ್ ಚೀಟಿ ಇರುತ್ತದಲ್ವಾ, ಅದರ ಫೋಟೋ ಕೂಡ ಆಗಲೇ ತೆಗೆದಿಟ್ಟುಕೊಳ್ಳಿ. ವರದಿಯಲ್ಲಿ ಎರಡೂ ಟ್ಯಾಗ್ ನಂಬರ್ ಬಂದಿವೆಯೇ, ಸ್ಥಳೀಯ ಫೋನ್ ನಂಬರ್ ಮತ್ತು ವಿಳಾಸ ಸರಿಯಿದೆಯೇ ನೋಡಿ. ತಂಗಿಯ ವರದಿಯಲ್ಲಿ ವಿಳಾಸದ ಜಾಗದಲ್ಲಿ ಮ್ಯೂನಿಕ್ ಮನೆ ಬಿದ್ದಿತ್ತು. ತಿದ್ದಿಸಿ ವಿದ್ಯಾನಗರದ ನಮ್ಮ ಮನೆ ಹಾಕಿಸಿದಳು. ಇಲ್ಲದಿದ್ದರೆ ಬ್ಯಾಗ್ ಸಿಕ್ಕರೂ ವಾಪಸ್ ಜರ್ಮನಿಗೇ ಹೋಗುತ್ತಿತ್ತು.

ಅಲ್ಲೇ ಇನ್ನೊಂದು ಕೆಲಸ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಬ್ಯಾಗ್ ಆಮೇಲೆ ಒಂಟಿಯಾಗಿ ಬಂದಾಗ ಅದಕ್ಕೂ ಕಸ್ಟಮ್ಸ್ ತಪಾಸಣೆ ಆಗುತ್ತದೆ. ತೆರಿಗೆ ಇಲ್ಲದೆ ತರಬಹುದಾದ ಮೊತ್ತದಲ್ಲಿ ನೀವು ಎಷ್ಟು ಬಳಸಿಲ್ಲ ಎಂಬುದಕ್ಕೆ ಕಂಪನಿಯಿಂದ ಪತ್ರ ತೆಗೆದುಕೊಂಡು, ಅದಕ್ಕೆ ಕಸ್ಟಮ್ಸ್ ಅಧಿಕಾರಿಯ ಸಹಿ ಹಾಕಿಸಿಕೊಂಡು ಬರಬೇಕು. ಹಾಗೆ ಮಾಡಿದರೆ ಆ ರಿಯಾಯಿತಿ ನಂತರ ಬರುವ ಬ್ಯಾಗಿಗೂ ಸಿಗುತ್ತದೆ. ನಂಬರ್ ಲಾಕ್ ಇದ್ದರೆ ಅದರ ನಂಬರ್ ಅವರಿಗೆ ಕೊಟ್ಟುಬನ್ನಿ, ಇಲ್ಲದಿದ್ದರೆ ಬೀಗ ಒಡೆಯುತ್ತಾರೆ.

ಕೊನೆಯದಾಗಿ, "ತುರ್ತು ಖರೀದಿಗೆ ಎಷ್ಟು ಕೊಡುತ್ತೀರಿ?" ಅಂತ ಕೌಂಟರಿನಲ್ಲೇ ಕೇಳಿ. ಕೆಲವು ಕಂಪನಿ ಕೈಯಲ್ಲಿ ಸ್ವಲ್ಪ ಹಣ ಕೊಡುತ್ತವೆ, ಕೆಲವು ಬಿಲ್ ತಂದರೆ ಕೊಡುತ್ತೇವೆ ಅನ್ನುತ್ತವೆ. ತಂಗಿಗೆ ಹೇಳಿದ್ದು ಎರಡನೆಯದು. ಬಾಯಲ್ಲಿ ಹೇಳಿದ್ದನ್ನು ಅವಳು ಆಗಲೇ ಕಂಪನಿಗೆ ಇಮೇಲ್ ಮಾಡಿದಳು: ಇಂಥ ಹೊತ್ತಿಗೆ ನಿಮ್ಮ ಕೌಂಟರಿನಲ್ಲಿ ಹೀಗೆ ತಿಳಿಸಿದರು, ಅದರಂತೆ ಖರೀದಿ ಮಾಡುತ್ತಿದ್ದೇನೆ ಅಂತ. ಈ ಎರಡು ಸಾಲು ಮುಂದೆ ಬಹಳ ಉಪಯೋಗಕ್ಕೆ ಬಂತು.

ಅದೇ ದಿನ: ಹುಡುಕಾಟಕ್ಕೆ ಒಂದು ಪಟ್ಟಿ

ಸಾಮಾನಿನ ಪಟ್ಟಿಯನ್ನು ಎರಡು ಸಲ, ಎರಡು ಬೇರೆ ಉದ್ದೇಶಕ್ಕೆ ಬರೆಯಬೇಕು. ಮೊದಲನೆಯದು ಬ್ಯಾಗ್ ಹುಡುಕುವುದಕ್ಕೆ. ಟ್ಯಾಗ್ ಕಿತ್ತುಹೋದ ಬ್ಯಾಗನ್ನು ತೆರೆದು ನೋಡುವವನಿಗೆ ಮೊದಲು ಏನು ಕಾಣುತ್ತದೆ? ಅದನ್ನು ಬರೆಯಬೇಕು. "ಬಟ್ಟೆ, ಸೀರೆ, ಚಪ್ಪಲಿ" ಅಂತ ಬರೆದರೆ ಲಾಭವಿಲ್ಲ, ಎಲ್ಲರ ಬ್ಯಾಗಿನಲ್ಲೂ ಅದೇ ಇರುತ್ತದೆ.

ನಾವು ಬರೆದದ್ದು ಹೀಗೆ. ಕಂದು ಬಣ್ಣದ ಬಟ್ಟೆಯ ಸೂಟ್‌ಕೇಸ್, ಹಿಡಿಕೆಗೆ ಹಸಿರು ಜರಿಯ ಅಂಚು ಕಟ್ಟಿದೆ. ತೆರೆದ ಕೂಡಲೇ ಮೇಲೆ ಡೈನೋಸಾರ್ ಚಿತ್ರದ ನೀಲಿ ಮಕ್ಕಳ ಜಾಕೆಟ್. ಅದರ ಕೆಳಗೆ ಬಿಳಿ ಪಂಚೆಯಲ್ಲಿ ಸುತ್ತಿದ ಕೆಂಪು ಇಳಕಲ್ ಸೀರೆ, ಸೆರಗಿನಲ್ಲಿ ಬಿಳಿ ತೋಪು ತೆನೆ. ಇಂಥದ್ದು ಇನ್ನೊಬ್ಬರ ಬ್ಯಾಗಿನಲ್ಲಿ ಇರುವ ಸಂಭವ ಬಹಳ ಕಡಿಮೆ. ಈ ಪಟ್ಟಿಯಲ್ಲಿ ಬೆಲೆ ಬೇಡ.

ಮೊದಲ ಮೂರು ದಿನ: ತುರ್ತು ಖರ್ಚು

ಇಲ್ಲಿ ಅಳತೆಗೋಲು ಒಂದೇ. ಬ್ಯಾಗ್ ಬರದ ಕಾರಣಕ್ಕೆ, ಆ ದಿನಕ್ಕೆ, ಆ ಮನುಷ್ಯನಿಗೆ ಇದು ಬೇಕೇಬೇಕಿತ್ತೇ? ಹೌದಾದರೆ ಅದು ನಿಲ್ಲುತ್ತದೆ. ಹೇಗೂ ಕಂಪನಿ ಕೊಡುತ್ತದೆ ಅಂತ ಒಂದೇ ದಿನ ಐದು ಜೊತೆ ಬಟ್ಟೆ ತಂದರೆ ನಿಲ್ಲುವುದಿಲ್ಲ. ನಾವು ದಿನದಿನಕ್ಕೆ ಕೊಂಡೆವು. ಬಿಲ್ಲಿನ ಹಿಂದೆ ಪೆನ್ಸಿಲ್‌ನಲ್ಲಿ ಯಾರಿಗೆ, ಯಾಕೆ ಅಂತ ಆಗಲೇ ಬರೆದೆವು. ಮೂರು ವಾರ ಬಿಟ್ಟು ಬರೆಯಲು ಕೂತರೆ ಯಾವ ಬಿಲ್ಲು ಯಾತಕ್ಕೆ ಅಂತ ನೆನಪಾಗುವುದಿಲ್ಲ.

14ರ ಸಂಜೆ ಹಲ್ಲುಜ್ಜುವ ಬ್ರಷ್, ಸೋಪು, ಒಳ ಉಡುಪು, ಇಬ್ಬರಿಗೂ ರಾತ್ರಿ ಬಟ್ಟೆ: 1,860 ರೂಪಾಯಿ. 15ಕ್ಕೆ ಕೊಪ್ಪಿಕರ್ ರಸ್ತೆಯಲ್ಲಿ ತಂಗಿಗೆ ಎರಡು ಚೂಡಿದಾರ್, ಹುಡುಗನಿಗೆ ಎರಡು ಜೊತೆ ಬಟ್ಟೆ: 5,240. ಅದೇ ದಿನ ಹುಡುಗನ ಇನ್‌ಹೇಲರ್. ಅವನಿಗೆ ದಮ್ಮಿನ ತೊಂದರೆ ಇದೆ, ಔಷಧಿ ಕೈಚೀಲದಲ್ಲಿ ಇಡದೆ ಬ್ಯಾಗಿನಲ್ಲಿ ಇಟ್ಟಿದ್ದಳು. ಡಾಕ್ಟರ್ ಫೀ 500, ಇನ್‌ಹೇಲರ್ 620. ಚೀಟಿ, ಬಿಲ್ಲು ಎರಡೂ ಇಟ್ಟುಕೊಂಡೆವು.

16ಕ್ಕೆ ಮದುವೆಯ ತಯಾರಿ. ಹೊಸ ರೇಷ್ಮೆ ಸೀರೆ ಕೊಳ್ಳಬೇಕೆಂದು ತಂಗಿ ಅಂದಳು, ನಾನು ಬೇಡ ಎಂದೆ. ಹನ್ನೆರಡು ಸಾವಿರದ ಸೀರೆಯನ್ನು ತುರ್ತು ಖರ್ಚು ಅಂತ ಯಾರೂ ಒಪ್ಪುವುದಿಲ್ಲ. ನನ್ನದೇ ಸೀರೆ ಉಟ್ಟಳು. ಅದಕ್ಕೆ ಅವಳ ಅಳತೆಯ ಬ್ಲೌಸ್ ಒಂದೇ ದಿನದಲ್ಲಿ ಹೊಲಿಸಿದೆವು, 900. ಹುಡುಗನಿಗೆ ಕುರ್ತಾ ಪೈಜಾಮ 1,750. ಅವಳಿಗೆ ಚಪ್ಪಲಿ 1,150, ಹುಡುಗನಿಗೆ ಬೂಟು 1,400. ಎಲ್ಲ ಸೇರಿ 13,420 ರೂಪಾಯಿ.

ಆ ಬೂಟು ಕೊಂಡದ್ದು ದುರ್ಗದ ಬೈಲಿನಲ್ಲಿ. ಅಂಗಡಿಯವರು ಬಿಳಿ ಚೀಟಿಯ ಮೇಲೆ 1400 ಅಂತ ಬರೆದು ಕೊಟ್ಟರು. ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ. ರಾತ್ರಿ ಎಂಟೂವರೆ, ಹಿಂದೆ ಗದ್ದಲ, ನಾನೂ ಕೇಳಲಿಲ್ಲ. ಕೊನೆಗೆ ಕಂಪನಿ ತಳ್ಳಿಹಾಕಿದ ಮೊದಲ ಚೀಟಿ ಅದೇ. ಅದೇ ಬೈಲಿನಲ್ಲಿ ಕುರ್ತಾ ಕೊಂಡ ಅಂಗಡಿಯಲ್ಲಿ "ಅಣ್ಣಾರ, ಪಕ್ಕಾ ಬಿಲ್ ಹಾಕಿ ಕೊಡ್ರಿ, ವಿಮಾನದವರಿಗೆ ಕಳಿಸೋದೈತಿ" ಅಂದಿದ್ದಕ್ಕೆ ಅವರು ಸೀಲ್ ಹೊಡೆದು ಕೊಟ್ಟಿದ್ದರು. ಬಿಲ್ಲಿನಲ್ಲಿ ಅಂಗಡಿಯ ಹೆಸರು, ತಾರೀಖು, ಏನು ಕೊಂಡಿದ್ದು ಎಂಬ ವಿವರ, ಮೊತ್ತ ಇರಬೇಕು. ಜಿಎಸ್‌ಟಿ ನಂಬರ್ ಇದ್ದರೆ ಇನ್ನೂ ಗಟ್ಟಿ. ಸಣ್ಣ ಅಂಗಡಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೂ ಸೀಲ್ ಮತ್ತು ಸಹಿ ಇದ್ದರೆ ವಾದ ಮಾಡಬಹುದು. ಜೊತೆಗೆ ಫೋನಿನಲ್ಲಿ ದುಡ್ಡು ಹಾಕಿ, ನಗದು ಕೊಡಬೇಡಿ. ಆಗ ಬ್ಯಾಂಕಿನ ದಾಖಲೆಯೂ ಬಿಲ್ಲಿಗೆ ಜೋಡಿಯಾಗುತ್ತದೆ. ದರ್ಜಿಯಿಂದಲೂ ಚೀಟಿ ತೆಗೆದುಕೊಳ್ಳಿ.

ಇನ್ನೊಂದು ಮಾತು. ತುರ್ತು ಖರ್ಚು ಗಟ್ಟಿಯಾಗಿ ನಿಲ್ಲುವುದು ಮನೆಯಿಂದ ದೂರ ಇದ್ದವರಿಗೆ. ತಂಗಿಯ ಮನೆ ಮ್ಯೂನಿಕ್, ಅವಳ ಬಟ್ಟೆಬರೆ ಎಲ್ಲ ಅಲ್ಲೇ. ಅದಕ್ಕೆ ಅಲ್ಲಿನ ವಾಸದ ದಾಖಲೆ ಮತ್ತು ವಾಪಸ್ ಟಿಕೆಟ್ ಲಗತ್ತಿಸಿದೆವು. ಹುಬ್ಬಳ್ಳಿಯವರೇ ಪ್ರವಾಸ ಮುಗಿಸಿ ಮನೆಗೆ ಬಂದು ಬ್ಯಾಗ್ ತಡವಾದರೆ, ಮನೆಯಲ್ಲಿ ಬಟ್ಟೆ ಇದೆಯಲ್ಲ ಅಂತ ಕಂಪನಿ ಕೇಳುತ್ತದೆ. ಆ ಪ್ರಶ್ನೆ ನ್ಯಾಯವಾದದ್ದೇ.

ಒಂದು ಬ್ಯಾಗ್ ಬಂದ ದಿನ

20ಕ್ಕೆ ನೀಲಿ ಬ್ಯಾಗ್ ಮನೆಗೆ ಬಂತು. ತಂದವನಿಗೆ ಅವಸರ. ಸಹಿ ಹಾಕುವ ಮೊದಲು ಬಾಗಿಲಲ್ಲೇ ತೆರೆದು ನೋಡಿದೆವು. ಅವನ ಕಾಗದದಲ್ಲಿ ತಾರೀಖು ಮತ್ತು ಸಮಯ ಬರೆಸಿ ಫೋಟೋ ತೆಗೆದೆವು. ಆ ತಾರೀಖಿನಿಂದ ಎರಡು ಗಡುವು ಶುರುವಾಗುತ್ತವೆ. ಬ್ಯಾಗ್ ಒಡೆದಿದ್ದರೆ ಅಥವಾ ಒಳಗಿನ ಸಾಮಾನು ಹಾಳಾಗಿದ್ದರೆ ಏಳು ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಡವಾದದ್ದಕ್ಕೆ ಆದ ನಷ್ಟಕ್ಕೆ ಬ್ಯಾಗ್ ಕೈಗೆ ಬಂದ 21 ದಿನದೊಳಗೆ. ನಮಗೆ ಅದು ಡಿಸೆಂಬರ್ 11.

ಪಿಐಆರ್ ಕೊಟ್ಟಿದ್ದೇವಲ್ಲ, ಮತ್ತೇಕೆ ಪತ್ರ ಅಂತ ಬಹಳ ಜನ ಸುಮ್ನೆ ಕೂರುತ್ತಾರೆ. ಹಾಗೆ ಕೂರಬೇಡಿ. ಪಿಐಆರ್ ಹುಡುಕಾಟದ ಕಾಗದ. ಇಷ್ಟು ಹಣ ಕೊಡಿ ಎಂದು ಕೇಳುವ ಪತ್ರ ಬೇರೆ, ಅದು ಗಡುವಿನೊಳಗೆ ಕಂಪನಿಯ ಕ್ಲೇಮ್ ವಿಭಾಗಕ್ಕೆ ಹೋಗಬೇಕು.

ಕಂದು ಬ್ಯಾಗಿನ ಗತಿ ಬೇರೆ. ಬರಬೇಕಾದ ದಿನದಿಂದ 21 ದಿನ ಕಳೆದರೂ ಬರದಿದ್ದರೆ, ಅಥವಾ ಅದಕ್ಕೂ ಮೊದಲೇ ಕಳೆದಿದೆ ಎಂದು ಕಂಪನಿ ಒಪ್ಪಿದರೆ, ಅದನ್ನು ಕಳೆದ ಬ್ಯಾಗ್ ಎಂದೇ ಕ್ಲೇಮ್ ಮಾಡಬಹುದು. ನಮಗೆ ಆ ದಿನ ಡಿಸೆಂಬರ್ 5. ಎರಡನ್ನೂ ಸೇರಿಸಿ 6ನೇ ತಾರೀಖು ಒಂದೇ ಪತ್ರ ಕಳಿಸಿದೆವು. ನೀಲಿ ಬ್ಯಾಗಿನ ಗಡುವಿಗೂ ಐದು ದಿನ ಉಳಿದಿತ್ತು.

ಕ್ಲೇಮಿನ ಪಟ್ಟಿ: ಇಲ್ಲಿ ನಿಧಾನ ಮಾಡಿ

ಇದು ಎರಡನೇ ಪಟ್ಟಿ, ಬೆಲೆಯ ಪಟ್ಟಿ. ಒಂದು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ತಂಗಿ, ನಾನು ಇದಕ್ಕೇ ಕೂತೆವು. ಶುರುವಿನಲ್ಲಿ ಅವಳಿಗೆ ಎಂಟು ಸಾಮಾನು ಮಾತ್ರ ನೆನಪಾದವು. ಆಗ ನಾನು ಅವಳ ಮುಂದೆ ಖಾಲಿ ನೀಲಿ ಬ್ಯಾಗ್ ತೆರೆದಿಟ್ಟೆ. "ಕಣ್ಣು ಮುಚ್ಚಿ ತುಂಬು. ಮೊದಲು ತಳಕ್ಕೆ ಏನ್ ಹಾಕಿದಿ?" ಅವಳು ಕೈ ಆಡಿಸುತ್ತಾ ಹೇಳತೊಡಗಿದಳು. ತಳದಲ್ಲಿ ಕೋಟು, ಅದರ ತೋಳಿನೊಳಗೆ ಕಾಲುಚೀಲ, ಪಕ್ಕದ ಜಿಪ್ಪಿನಲ್ಲಿ ಚಾರ್ಜರ್, ಬೂಟಿನೊಳಗೆ ಸುಗಂಧದ ಬಾಟಲಿ. ಒಂದು ತಾಸಿನಲ್ಲಿ ಪಟ್ಟಿ ಎರಡು ಪುಟ ಆಯಿತು.

ಆಮೇಲೆ ಪುರಾವೆ ಹುಡುಕಿದೆವು. ಬಿಲ್ಲು ಇಟ್ಟುಕೊಂಡವರು ಯಾರಿದ್ದಾರೆ? ಆದರೆ ದಾರಿ ಬಹಳ ಇವೆ. ಆನ್‌ಲೈನ್ ಅಂಗಡಿಗಳ ಹಳೆಯ ಆರ್ಡರ್ ಪುಟ. ಇಮೇಲಿನಲ್ಲಿ ಬಂದ ರಸೀದಿ. ಕಾರ್ಡ್ ಸ್ಟೇಟ್‌ಮೆಂಟ್. ಆ ಬಟ್ಟೆ ಹಾಕಿಕೊಂಡು ತೆಗೆಸಿದ ಫೋಟೋ, ತಾರೀಖು ಸಮೇತ. ಇಳಕಲ್ ಸೀರೆಯನ್ನು 2022ರಲ್ಲಿ ಗದಗ-ಬೆಟಗೇರಿಯಲ್ಲಿ ನೇಕಾರರ ಮನೆಯಿಂದಲೇ ಕೊಂಡಿದ್ದಳು, ಬಿಲ್ಲಿಲ್ಲ. ಫೋನಿನಲ್ಲಿ ದುಡ್ಡು ಹಾಕಿದ ದಾಖಲೆ ಸಿಕ್ಕಿತು, 14,500. ನೇಕಾರರಿಗೆ ಫೋನ್ ಮಾಡಿದೆವು. ಇಂಥ ಸೀರೆ, ಇಂಥ ತಾರೀಖು, ಇಷ್ಟಕ್ಕೆ ಮಾರಿದ್ದು ನಿಜ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಫೋಟೋ ಕಳಿಸಿದರು.

ಪಟ್ಟಿಯ ದೊಡ್ಡ ಸಾಲುಗಳು ಹೀಗಿದ್ದವು. ಯೂರೋದಲ್ಲಿ ಕೊಂಡಿದ್ದನ್ನು ರೂಪಾಯಿಗೆ ತಿರುಗಿಸಿದ್ದೇವೆ.

| ಯಾರದು | ಸಾಮಾನು, ಕೊಂಡ ವರ್ಷ | ಕೊಂಡ ಬೆಲೆ | ಕೇಳಿದ್ದು | ಪುರಾವೆ |
|---|---|---|---|---|
| ತಾಯಿ | ಇಳಕಲ್ ಸೀರೆ, 2022 | 14,500 | 11,500 | ಹಣ ಹಾಕಿದ ದಾಖಲೆ, ನೇಕಾರರ ಪತ್ರ |
| ತಾಯಿ | ಉಣ್ಣೆ ಕೋಟು, 2023 | 16,000 | 11,000 | ಕಾರ್ಡ್ ಸ್ಟೇಟ್‌ಮೆಂಟ್, ಫೋಟೋ |
| ತಾಯಿ | ಬೂಟು, 2024 | 6,300 | 4,500 | ಆನ್‌ಲೈನ್ ಆರ್ಡರ್ |
| ತಾಯಿ | ಉಡುಗೊರೆ ಸಾಮಾನು, ಹೊಸದು | 8,400 | 8,400 | ಅಂಗಡಿ ಬಿಲ್ |
| ತಾಯಿ | ಸೂಟ್‌ಕೇಸ್, 2021 | 9,000 | 5,000 | ಇಮೇಲ್ ರಸೀದಿ |
| ಮಗ | ಜಾಕೆಟ್, 2024 | 5,800 | 4,000 | ಕಾರ್ಡ್ ಸ್ಟೇಟ್‌ಮೆಂಟ್ |
| ಮಗ | ಆಟಿಕೆ, ಹೊಸದು | 4,600 | 4,600 | ಅಂಗಡಿ ಬಿಲ್ |

ಈ ಏಳು ಸಾಲಿಗೆ ಕೇಳಿದ್ದು 49,000. ಉಳಿದ ಸಣ್ಣಪುಟ್ಟ ಬಟ್ಟೆಬರೆಗೆ 17,000. ಒಟ್ಟು 66,000 ರೂಪಾಯಿ.

ಬಳಸಿದ ಸಾಮಾನಿಗೆ ಕೊಂಡ ಬೆಲೆ ಪೂರ್ತಿ ಸಿಗುವುದಿಲ್ಲ, ಸವೆತ ಕಳೆಯುತ್ತಾರೆ. ಎಷ್ಟು ಕಳೆಯಬೇಕು ಅಂತ ಒಪ್ಪಂದದಲ್ಲಿ ಕೋಷ್ಟಕ ಇಲ್ಲ. ಅದಕ್ಕೇ ನಾವೇ ಕಳೆದು ಕೇಳಿದೆವು, ಎರಡೂ ಅಂಕಿ ತೋರಿಸಿದೆವು. ಕೋಟಿನ ತೋಳು ಸವೆದಿದ್ದರೆ ಅದಕ್ಕೆ ಜಾಸ್ತಿ ಕಳೆಯುವುದು ನ್ಯಾಯ, ಪೆಟ್ಟಿಗೆಯಲ್ಲಿಟ್ಟು ಎರಡೇ ಸಲ ಉಟ್ಟ ಸೀರೆಗೆ ಕಡಿಮೆ. ಪ್ರತಿ ಸಾಲಿಗೂ ಕಾರಣ ಕೊಟ್ಟಿದ್ದರಿಂದ ಕಂಪನಿ ತನ್ನದೇ ಲೆಕ್ಕ ಹಾಕಲು ಹೋಗಲಿಲ್ಲ.

ಸೂಟ್‌ಕೇಸನ್ನೇ ಪಟ್ಟಿಗೆ ಸೇರಿಸಲು ಮರೆಯುವವರು ಬಹಳ. ಅದೂ ಕಳೆದಿದೆಯಲ್ವಾ?

ಪಟ್ಟಿಯನ್ನು ತಾಯಿಯದು, ಮಗನದು ಅಂತ ಬೇರೆ ಮಾಡಿದ್ದಕ್ಕೆ ಕಾರಣ ಇದೆ. ಮಿತಿ ಪ್ರಯಾಣಿಕನಿಗೆ ಒಂದರಂತೆ. ಬ್ಯಾಗಿಗೆ ಒಂದರಂತೆ ಅಲ್ಲ. ಎರಡೂ ಟ್ಯಾಗ್ ತಾಯಿಯ ಹೆಸರಲ್ಲಿ ಇದ್ದರೂ ಮಗ ಟಿಕೆಟ್ ಇದ್ದ ಪ್ರಯಾಣಿಕನೇ. ಇನ್ನೊಬ್ಬರ ಹೆಸರಿನ ಬ್ಯಾಗಿನಲ್ಲಿ ತನ್ನ ಸಾಮಾನು ಇತ್ತು ಎಂದು ತೋರಿಸಿದವನಿಗೂ ಪರಿಹಾರ ಕೇಳುವ ಹಕ್ಕಿದೆ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರಲ್ಲಿ ಹೇಳಿದೆ. ನಮ್ಮ ಮೊತ್ತ ಒಬ್ಬರ ಮಿತಿಯ ಹತ್ತಿರವೂ ಹೋಗಲಿಲ್ಲ. ಆದರೆ ನಾಲ್ಕು ಜನರ ಸಾಮಾನು ಒಂದೇ ದೊಡ್ಡ ಬ್ಯಾಗಿನಲ್ಲಿ ಇದ್ದರೆ ಈ ವಿಂಗಡಣೆಯಿಂದ ಬಹಳ ವ್ಯತ್ಯಾಸ ಆಗುತ್ತದೆ.

ಕಳಿಸುವ ಮೊದಲು ಪಟ್ಟಿಯನ್ನು ತೂಕಕ್ಕೆ ಹೊಂದಿಸಿ ನೋಡಿ. ಕಂದು ಬ್ಯಾಗ್ 19 ಕಿಲೋ ಅಂತ ಕಂಪನಿಯ ದಾಖಲೆಯಲ್ಲಿ ಇದೆ. ಪಟ್ಟಿಯ ಸಾಮಾನು ಸೇರಿಸಿದರೆ 30 ಕಿಲೋ ಆಗುವಂತಿದ್ದರೆ ಓದುವವನಿಗೆ ಪೂರ್ತಿ ಪಟ್ಟಿಯ ಮೇಲೇ ಅನುಮಾನ ಬರುತ್ತದೆ. ಬಂಗಾರ, ನಗದು, ಲ್ಯಾಪ್‌ಟಾಪ್ ಇದ್ದವು ಅಂತ ಬರೆದರೂ ಹಾಗೆಯೇ. ಅಂಥವನ್ನು ಬ್ಯಾಗಿಗೆ ಹಾಕಬೇಡಿ ಎಂದು ಕಂಪನಿಗಳ ನಿಯಮದಲ್ಲೇ ಇರುತ್ತದೆ, ಕೇಳಿದರೆ ಜಗಳ ಗ್ಯಾರಂಟಿ. ಬೆಲೆಬಾಳುವ ಸಾಮಾನನ್ನು ಬ್ಯಾಗಿನಲ್ಲೇ ಕಳಿಸಲೇಬೇಕಾದರೆ ಚೆಕ್-ಇನ್ ಹೊತ್ತಿನಲ್ಲೇ ಅದರ ಮೌಲ್ಯ ಘೋಷಿಸಿ, ಕೇಳಿದರೆ ಹೆಚ್ಚುವರಿ ಹಣ ಕಟ್ಟಿ, ಮಿತಿ ಏರಿಸಿಕೊಳ್ಳಲು ಒಪ್ಪಂದದಲ್ಲಿ ಅವಕಾಶ ಇದೆ.

ಒಂದೇ ಸಾಮಾನಿಗೆ ಎರಡು ಸಲ ಹಣ ಕೇಳಬಾರದು. ಕಳೆದ ಜಾಕೆಟ್ಟಿನ ಬೆಲೆಯನ್ನೂ ಕೇಳಿ, ಅದರ ಬದಲಿಗೆ ಕೊಂಡ ಜಾಕೆಟ್ಟಿನ ಬಿಲ್ಲನ್ನೂ ಹಾಕಿದರೆ ಒಂದನ್ನು ಕಡಿಯುತ್ತಾರೆ. ನಾವು ತುರ್ತಾಗಿ ಕೊಂಡ ಬಟ್ಟೆಯೆಲ್ಲ ನೀಲಿ ಬ್ಯಾಗಿನಲ್ಲಿ ಇದ್ದದ್ದರ ಬದಲಿಗೆ ಕೊಂಡದ್ದು. ಆ ಮಾತನ್ನು ಪತ್ರದಲ್ಲೇ ಬರೆದೆವು.

ಪತ್ರ ಮತ್ತು ಉತ್ತರ

ಪತ್ರ ಒಂದೇ ಪುಟ, ಇಂಗ್ಲಿಷಿನಲ್ಲಿ. ಮೇಲೆ ಪಿಐಆರ್ ನಂಬರ್, ಟಿಕೆಟ್ ನಂಬರ್, ಎರಡು ಟ್ಯಾಗ್ ನಂಬರ್. ನಂತರ ಏನಾಯಿತು ಎಂಬುದು ನಾಲ್ಕು ಸಾಲಿನಲ್ಲಿ, ತಾರೀಖು ಸಮೇತ. ಆಮೇಲೆ ಎರಡು ಮೊತ್ತ ಬೇರೆ ಬೇರೆ: ಕಳೆದ ಬ್ಯಾಗಿಗೆ 66,000, ತಡವಾದದ್ದಕ್ಕೆ 13,420. ಬ್ಯಾಂಕ್ ವಿವರ. ಎಲ್ಲ ಬಿಲ್ಲಿಗೂ ನಂಬರ್ ಹಾಕಿ, ಅದೇ ನಂಬರನ್ನು ಪಟ್ಟಿಯಲ್ಲೂ ಹಾಕಿ, ಒಂದೇ ಪಿಡಿಎಫ್ ಮಾಡಿದೆ. ಅಸಲು ಬಿಲ್ಲು ನಮ್ಮಲ್ಲೇ. ಕಂಪನಿಯ ವೆಬ್ ಫಾರ್ಮಿನಲ್ಲಿ ಹಾಕಿ, ಇಮೇಲೂ ಮಾಡಿದೆವು. ಫಾರ್ಮ್ ಮುಗಿದಾಗ ಬರುವ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡೆವು, ಗಡುವಿನೊಳಗೆ ಕಳಿಸಿದ್ದಕ್ಕೆ ಅದೇ ಸಾಕ್ಷಿ. ನಡುವೆ ಎರಡು ವಿಮಾನ ಕಂಪನಿ ಇದ್ದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಬ್ಯಾಗಿನ ವಿಷಯದಲ್ಲಿ ಮೊದಲ ಕಂಪನಿ, ಕೊನೆಯ ಕಂಪನಿ, ಬ್ಯಾಗ್ ತಪ್ಪಿಸಿದ ಕಂಪನಿ, ಯಾರನ್ನು ಬೇಕಾದರೂ ಕೇಳುವ ಹಕ್ಕು ನಿಮಗಿದೆ.

ಮೂರು ವಾರಕ್ಕೆ ಉತ್ತರ ಬಂತು. ಕಿಲೋಗೆ 20 ಡಾಲರ್ ಲೆಕ್ಕದಲ್ಲಿ 19 ಕಿಲೋಗೆ 380 ಡಾಲರ್ ಕೊಡುತ್ತೇವೆ ಅಂತ. ತಂಗಿ ಒಪ್ಪಿಬಿಡುವುದರಲ್ಲಿದ್ದಳು. ತೂಕಕ್ಕೆ ದುಡ್ಡು ಕೊಡುವುದು ಹಳೆಯ ವಾರ್ಸಾ ಒಪ್ಪಂದದ ಪದ್ಧತಿ. ಜರ್ಮನಿ, ಭಾರತ ಎರಡೂ 1999ರ ಒಪ್ಪಂದದಲ್ಲಿ ಇರುವಾಗ ಅದು ಇಲ್ಲಿ ಬರುವುದೇ ಇಲ್ಲ. ಇಷ್ಟನ್ನೇ ಎರಡು ಸಾಲಿನಲ್ಲಿ ಬರೆದು, ಪಟ್ಟಿಯ ಸಾಲು ಸಾಲಿಗೂ ಉತ್ತರ ಕೊಡಿ ಎಂದು ಕೇಳಿದೆವು.

ಎರಡನೇ ಉತ್ತರದಲ್ಲಿ ಕಳೆದ ಬ್ಯಾಗಿಗೆ 59,000 ಒಪ್ಪಿದರು. ಸಣ್ಣ ಬಟ್ಟೆಗಳಲ್ಲಿ ಪುರಾವೆ ಇಲ್ಲದ 7,000 ಬಿಟ್ಟರು. ತುರ್ತು ಖರ್ಚಿನಲ್ಲಿ ಬೂಟಿನ ಬಿಳಿ ಚೀಟಿ ತೆಗೆದರು, ಉಳಿದದ್ದು 12,020. ಅದರಲ್ಲಿ ಮೊದಲ ಸಂಜೆಯ 1,860 ಮತ್ತು ಔಷಧಿಯ 1,120 ಪೂರ್ತಿ ಕೊಟ್ಟರು. ಚೂಡಿದಾರ್, ಕುರ್ತಾ, ಬ್ಲೌಸ್, ಚಪ್ಪಲಿ ಸೇರಿದ 9,040ಕ್ಕೆ ಅರ್ಧ, ಅಂದರೆ 4,520. ಬಟ್ಟೆ ನಿಮ್ಮ ಬಳಿಯೇ ಉಳಿಯುತ್ತದೆ ಎಂಬ ಕಾರಣಕ್ಕೆ ಕೆಲವು ಕಂಪನಿಗಳು ಹೀಗೆ ಅರ್ಧ ಮಾಡುತ್ತವೆ. ತುರ್ತು ಖರ್ಚಿಗೆ ಒಟ್ಟು 7,500. ಎರಡೂ ಸೇರಿ 66,500 ರೂಪಾಯಿ. ತಂಗಿ ಒಪ್ಪಿಕೊಂಡಳು. ಇಂಥ ಹೊತ್ತಲ್ಲಿ "ಪೂರ್ಣ ಮತ್ತು ಅಂತಿಮ" ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಸಹಿ ಹಾಕಿದ ಮೇಲೆ ಮತ್ತೆ ಕೇಳುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ, ಹಾಗಾಗಿ ಮೊತ್ತ ಸಾಲದು ಅನ್ನಿಸಿದರೆ ಸಹಿಗೆ ಮೊದಲೇ ಹೇಳಿ.

ಪ್ರಯಾಣದ ಇನ್ಶೂರೆನ್ಸ್ ಇದ್ದವರು ಬ್ಯಾಗ್ ಎಷ್ಟು ತಾಸು ತಡವಾಯಿತು, ಎಂದು ಕೊಟ್ಟರು ಎಂಬ ಪತ್ರವನ್ನೂ ಕಂಪನಿಯಿಂದ ತೆಗೆದುಕೊಳ್ಳಿ. ಪಾಲಿಸಿಯಲ್ಲಿ ಇಷ್ಟು ತಾಸು ದಾಟಿದರೆ ಮಾತ್ರ ಎಂಬ ಷರತ್ತು ಇರುತ್ತದೆ. ವಿಮಾನ ಕಂಪನಿ ಕೊಟ್ಟ ಮೊತ್ತವನ್ನೇ ಇಲ್ಲೂ ಕೇಳುವ ಹಾಗಿಲ್ಲ.

ಉತ್ತರವೇ ಬರದಿದ್ದರೆ

ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ತಾಣ airsewa.gov.in ನಲ್ಲಿ ದೂರು ಹಾಕಿ. ಪಿಐಆರ್ ನಂಬರ್ ಮತ್ತು ಅದೇ ಪಿಡಿಎಫ್ ಲಗತ್ತಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಬಹಳ ಕಡತ ಇಲ್ಲೇ ಅಲುಗಾಡುತ್ತವೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಮುಂಬೈನಲ್ಲಿ ಇದ್ದರೂ ಹುಬ್ಬಳ್ಳಿಯವರು ಧಾರವಾಡದಲ್ಲಿ, ಗದಗ ಮತ್ತು ಹಾವೇರಿಯವರು ತಮ್ಮ ತಮ್ಮ ಜಿಲ್ಲೆಯಲ್ಲಿ ಹಾಕಬಹುದು. e-jagriti.gov.in ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಟಿಕೆಟ್ಟಿಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಕಾಲಾವಕಾಶ ಎರಡು ವರ್ಷ. ಮಾಂಟ್ರಿಯಲ್ ಒಪ್ಪಂದದಲ್ಲೂ ಎರಡೇ ವರ್ಷ, ಅದನ್ನು ವಿಮಾನ ಬಂದಿಳಿದ ಅಥವಾ ಇಳಿಯಬೇಕಿದ್ದ ದಿನದಿಂದ ಎಣಿಸುತ್ತಾರೆ. ಕಂಪನಿ ಪರಿಶೀಲಿಸುತ್ತಿದ್ದೇವೆ, ಪರಿಶೀಲಿಸುತ್ತಿದ್ದೇವೆ ಅನ್ನುತ್ತಿರುವಾಗಲೂ ಆ ದಿನಗಳು ಕಳೆಯುತ್ತಲೇ ಇರುತ್ತವೆ. ಪಿಐಆರ್ ಹಾಳೆಯ ಮೂಲೆಯಲ್ಲೇ ಆ ಕೊನೆಯ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದಿಡಿ.